ಏರಿ ಒಡೆಯುವ ಮುನ್ನ ಓದುಗ ಎದ್ದುಹೋಗದಿರಲು

ಪತ್ರ: ನಮ್ಮೂರ ಕೆರೆ ಏರಿ ಒಡೆಯುವ ಹಂತಕ್ಕೆ ಬಂದ ರಾತ್ರಿಯ ಕಥೆಯನ್ನು ಭಾಮಿನಿ ಷಟ್ಪದಿಯ 64 ಪದ್ಯಗಳಲ್ಲಿ ಬರೆದು ಕಳಿಸಿದ್ದೇನೆ. ಮಾತ್ರೆ, ಪ್ರಾಸ ಎಲ್ಲೂ ತಪ್ಪಿಲ್ಲ. ಆದರೂ ಓದಿದವರು ಇಪ್ಪತ್ತನೇ ಪದ್ಯದ ಹೊತ್ತಿಗೆ ಕೆಳಗಿಡುತ್ತಾರೆ. ಎಲ್ಲಿ ಸೋತೆ?
– ಮಾಲೂರು ತಾಲ್ಲೂಕಿನ ಓದುಗ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಕವನದಲ್ಲಿ ತೂಬಿನ ಪಕ್ಕ ನೀರು ಜಿನುಗುವುದು 22ನೇ ಪದ್ಯದಲ್ಲಿ. ಅಲ್ಲಿಯವರೆಗೆ ಊರಿನ ವರ್ಣನೆ, ನೀರಗಂಟಿಯ ಮನೆತನ, ಮಳೆಯ ಆರ್ಭಟ. ಓದುವವನಿಗೆ ಕಾಯಲು ಏನನ್ನೂ ಕೊಟ್ಟಿಲ್ಲ. ಆ ಜಿನುಗನ್ನು ಮೂರನೇ ಪದ್ಯಕ್ಕೆ ತನ್ನಿ. ಮನೆತನದ ಮಾತು ಬೇಕೇ ಬೇಕಾದರೆ ಆಮೇಲೆ ಬರಲಿ. ಏರಿ ಸೋರುತ್ತಿದೆ ಎಂದು ಗೊತ್ತಾದ ಮೇಲೆ ಅದೇ ವಿವರ ಭಾರವಾಗುವುದಿಲ್ಲ, ಈ ಮನುಷ್ಯನ ಕೈಲಿ ಆದೀತೇ ಎಂಬ ಆತಂಕಕ್ಕೆ ಒದಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಷಟ್ಪದಿಯ ಕಟ್ಟಿನಲ್ಲೇ ಇದೆ. ಭಾಮಿನಿಯ ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯವಕ್ಕೆ 23. ಆ ಉದ್ದ ಸಾಲಿನ ಕೊನೆಯ ಗುರುವಿನ ಮೇಲೆ ದನಿ ನಿಲ್ಲುತ್ತದೆ. ದನಿಯ ಜೊತೆ ವಿಷಯವೂ ನಿಂತರೆ ಪ್ರತಿ ಪದ್ಯದ ಕೊನೆಗೂ ಬಾಗಿಲು ಹಾಕಿದಂತೆ. 64 ಸಲ ಹಾಕಿದ ಬಾಗಿಲನ್ನು ಯಾರು ತೆಗೆದಾರು? ನಿಮ್ಮ 23ನೇ ಪದ್ಯದ ಕೊನೆಯನ್ನೇ ನೋಡಿ:

ಏರಿ ಮೇಗಡೆ ಲಾಂದ್ರ ಹಿಡಿದವ
ನೀರಗಂಟಿಯು ಬಾಗಿ ನೋಡಿದ
ಊರ ಕಾಯುವ ಧೀರನಾತನು ಹೆದರಲಿಲ್ಲವಲಾ

ಬಾಗಿ ನೋಡಿದ ಎಂದಮೇಲೆ ಕಂಡದ್ದೇನು ಎಂದು ತಿಳಿಯುವ ಹಂಬಲ ನಮಗೆ. ನೀವು ಕೊಟ್ಟದ್ದು ಹೊಗಳಿಕೆ. ಸಾಲು ತುಂಬಿತು, ಕಥೆ ನಿಂತಿತು. ಆರನೇ ಸಾಲನ್ನಷ್ಟೇ ಬದಲಿಸಿ:

ತೋರಿ ಬಂದುದು ತೂಬಿನಡಿಯಲಿ ಕೆಂಪು ಬಣ್ಣದ ನೀರ್

ಮಾತ್ರೆ ಅಷ್ಟೇ, ಪ್ರಾಸವೂ ಅದೇ. ಆದರೆ ಈಗ ಮುಂದಿನ ಪದ್ಯ ಓದದೆ ಇರಲಾಗದು. ಎಲ್ಲ ಪದ್ಯವನ್ನೂ ಹೀಗೆ ಕೊಕ್ಕೆ ಹಾಕಿ ನಿಲ್ಲಿಸಬೇಡಿ, ಅದೂ ಒಂದು ಚಾಳಿಯಾಗುತ್ತದೆ. ಮೂರು ನಾಲ್ಕು ಪದ್ಯಕ್ಕೊಂದು ಸಾಕು. ಉಳಿದೆಡೆ ವಾಕ್ಯವನ್ನೇ ಮುಂದಿನ ಪದ್ಯಕ್ಕೆ ಹರಿಸಿ: ಕರ್ತೃ ಇಲ್ಲಿ, ಕ್ರಿಯಾಪದ ಅಲ್ಲಿ.

ಕೆಂಪು ನೀರು ಎಂದದ್ದಕ್ಕೆ ಕಾರಣವಿದೆ. ಏರಿಯಿಂದ ತಿಳಿ ನೀರು ಜಿನುಗಿದರೆ ಕೆರೆ ಬಲ್ಲವರು ಅಷ್ಟಾಗಿ ಗಾಬರಿಯಾಗುವುದಿಲ್ಲ. ನೀರು ಕದಡಿತೆಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ, ದಾರಿ ಅಗಲವಾಗುತ್ತಿದೆ ಎಂದರ್ಥ. ನಿಮ್ಮ ಕವನದ ಗಡಿಯಾರ ಇದೇ ಆಗಲಿ. ಮೂರನೇ ಪದ್ಯದಲ್ಲಿ ತಿಳಿ ನೀರು, ಹನ್ನೆರಡರ ಸುಮಾರಿಗೆ ಮಸುಕು, ಇಪ್ಪತ್ತರ ಹೊತ್ತಿಗೆ ಕೆಂಪು. ಪ್ರತಿ ಸಲವೂ ಒಂದೇ ಸಾಲು ಸಾಕು. ಮಸುಕಾದದ್ದು ನೀರಗಂಟಿಗಿಂತ ಮುಂಚೆ ಓದುಗನಿಗೆ ಗೊತ್ತಾಗಬೇಕು: ಅವನು ಗುಡಿ ಜಗುಲಿಯಲ್ಲಿ ಬೀಡಿ ಹಚ್ಚುತ್ತಿರುವಾಗ ನಮಗೆ ತೂಬಿನ ಬುಡ ಕಾಣಿಸಿ. ಆಗ ಅವನು ಎಳೆಯುವ ಒಂದೊಂದು ದಮ್ಮೂ ನಮಗೆ ಉದ್ದವೆನಿಸುತ್ತದೆ. ನೀವು ಅವನಿಗೂ ನಮಗೂ ಒಟ್ಟಿಗೇ ಹೇಳಿದ್ದೀರಿ. ಅದರಿಂದ ಬೆಚ್ಚಿಬೀಳುತ್ತೇವೆ, ಅಷ್ಟೆ.

ಏರಿ ನಿಂತೀತೇ ಎಂಬ ಒಂದೇ ಪ್ರಶ್ನೆ 64 ಪದ್ಯ ಎಳೆಯದು. ಎರಡನೆಯದು ನಿಮ್ಮ ಕಥೆಯಲ್ಲೇ ಇದೆ, 51ನೇ ಪದ್ಯದಲ್ಲಿ ಒಂದೂವರೆ ಸಾಲಿನಲ್ಲಿ ಕಳೆದುಹೋಗಿದೆ. ಕೋಡಿ ಕಡಿದು ತಗ್ಗಿಸಿದರೆ ಏರಿಯ ಮೇಲಿನ ಒತ್ತಡ ಇಳಿಯುತ್ತದೆ. ಆದರೆ ಕೋಲಾರದ ಕಡೆ ಕೆರೆಗಳು ಸರಪಳಿಯಂತೆ, ನಮ್ಮ ಕೋಡಿಯ ನೀರು ಕೆಳಗಿನ ಊರಿನ ಕೆರೆಗೆ. ಆ ಕೆರೆಯೂ ತುಂಬಿದೆ, ಅಲ್ಲಿ ನೀರಗಂಟಿಯ ಮಗಳ ಮನೆ. ಕೋಡಿ ಕಡಿಯೋಣ ಎಂಬ ಮಾತು 30ರ ಸುಮಾರಿಗೆ, ತೂಬಿಗೆ ಮರಳಿನ ಚೀಲ ಇಳಿಸುವ ಕೆಲಸ ಇನ್ನೂ ಮುಗಿಯದಿರುವಾಗಲೇ ಏಳಲಿ. ಮೊದಲ ಪ್ರಶ್ನೆ ಆರುವ ಮೊದಲೇ ಎರಡನೆಯದು ಹೊತ್ತಿಕೊಂಡಿರಬೇಕು. ನಡುವೆ ಒಂದು ಪದ್ಯ ಖಾಲಿ ಬಿದ್ದರೂ ಓದುಗ ಏಳುತ್ತಾನೆ.

ವೇಗದ ವಿಷಯದಲ್ಲಿ ನೀವು ತಲೆಕೆಳಗು ಮಾಡಿದ್ದೀರಿ. ಜನ ಸೇರುವುದಕ್ಕೆ ಎಂಟು ಪದ್ಯ, ನೀರಗಂಟಿ ಕತ್ತಲಲ್ಲಿ ಕೆರೆಗಿಳಿದು ಕಾಲಿನಿಂದ ತೂತು ಹುಡುಕುವುದಕ್ಕೆ ಒಂದು. ಜನ ಸೇರಲು ಒಂದೇ ಪದ್ಯ ಕೊಡಿ, ಸಾಲಿಗೊಂದು ಕ್ರಿಯಾಪದ: ಕೂಗಿದರು, ಓಡಿದರು, ಹೊತ್ತರು, ಇಳಿದರು. ಕೆರೆಗಿಳಿದ ಮೇಲೆ ಐದು ಪದ್ಯ ನಿಧಾನಿಸಿ. ಪಾದಕ್ಕೆ ಮೊದಲು ಕೆಸರು, ಆಮೇಲೆ ಕಲ್ಲು, ಆಮೇಲೆ ತಣ್ಣಗೆ ಎಳೆಯುವ ಸೆಳೆತ.

ತಿದ್ದಿದ ಮೇಲೆ ಕಥೆ ಗೊತ್ತಿಲ್ಲದ ಒಬ್ಬರ ಎದುರು ಗಮಕಿಗಳಂತೆ ದನಿ ತೆಗೆದು ಓದಿ. ಅವರು ಎಲ್ಲಿ ಮೈಮುರಿದರೋ ಆ ಪದ್ಯದ ಅಂಚಿನಲ್ಲಿ ಗುರುತು ಹಾಕಿ. ತಪ್ಪು ಸಾಮಾನ್ಯವಾಗಿ ಆ ಪದ್ಯದ್ದಲ್ಲ, ಅದಕ್ಕಿಂತ ಎರಡು ಮೂರು ಪದ್ಯ ಹಿಂದಿನದು. ಕೆಳಗಿನ ಊರಿನ ಸುದ್ದಿ ಬಂದ ಮೇಲೆ ಎರಡು ಪದ್ಯಕ್ಕಿಂತ ಹೆಚ್ಚು ಬೇಡ. ಈಗಿರುವ ಒಂಬತ್ತರಲ್ಲಿ ಲಾಂದ್ರ ಆರಿಸುವ ಪದ್ಯವೊಂದನ್ನು ಮಾತ್ರ ಖಂಡಿತ ಉಳಿಸಿಕೊಳ್ಳಿ.