ಲೆನ್ಸ್‌ನಲ್ಲಿ ಫೋಟೋ ಸಿಗಲಿಲ್ಲ ಅಂದ್ರೆ ಅಡ್ವಾನ್ಸ್ ಕಳಿಸಬಹುದಾ?

ಪ್ರಶ್ನೆ: "ಕುಶಾಲನಗರ ಅಂತ ಹಾಕಿರೋ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಜಾಹೀರಾತು ನೋಡಿದೆ. ಮಾರುವವರು ಮಿಲಿಟರಿಯವರಂತೆ, ಡಿಪಿಯಲ್ಲೂ ಯೂನಿಫಾರ್ಮ್ ಇದೆ. ಫೋಟೋಗಳನ್ನ ಗೂಗಲ್ ಲೆನ್ಸ್‌ಗೆ ಹಾಕಿದೆ, ಬೇರೆಲ್ಲೂ ಸಿಗಲಿಲ್ಲ. ಅಡ್ವಾನ್ಸ್ ಕಳಿಸಬಹುದಲ್ವಾ?"

ಬೇಡ, ಕಳಿಸಬೇಡಿ.

ನಾನೂ ಲೆನ್ಸ್‌ಗೆ ಹಾಕಿ ನೋಡಿಯೇ ದುಡ್ಡು ಕಳಿಸಿದವನು. ನನ್ನದು ಸ್ಕೂಟರ್ ಅಲ್ಲ, ಕಳೆ ಕೊಚ್ಚುವ ಮೆಷಿನ್. ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಮಳೆ ಹಿಡಿದ ಮೇಲೆ ಕಳೆ ಹೇಗೆ ಏಳುತ್ತೆ ಅಂತ ನಿಮಗೂ ಗೊತ್ತಿರುತ್ತೆ. ಕೊಚ್ಚೋಕೆ ಆಳು ಸಿಗಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸಲ್ಲ. ಹೆಗಲಿಗೆ ಹಾಕಿಕೊಳ್ಳುವ ಪೆಟ್ರೋಲ್ ಮೆಷಿನ್ ಒಂದು 11,000 ರೂಪಾಯಿಗೆ ಇದೆ ಅಂತ ಜಾಹೀರಾತು ಕಂಡಿತು. ಊರು ಮಡಿಕೇರಿ ಅಂತ ಇತ್ತು. ಫೋನ್ ಮಾಡಿದರೆ ಹಿಂದಿಯಲ್ಲಿ ಮಾತಾಡಿದ. ತಾನು ಹವಾಲ್ದಾರ್, ವರ್ಗ ಆಗಿದೆ, ಸಾಮಾನೆಲ್ಲ ಪ್ಯಾಕ್ ಆಗ್ತಿದೆ, ಮೆಷಿನ್ನು ಮಿಲಿಟರಿ ಪಾರ್ಸೆಲ್‌ನಲ್ಲಿ ನಿಮ್ಮ ಮನೆ ಬಾಗಿಲಿಗೇ ಬರುತ್ತೆ ಅಂದ. ಸೈನ್ಯದವನು ಹಿಂದಿ ಮಾತಾಡದೆ ಇನ್ನೇನು ಮಾತಾಡ್ತಾನೆ ಅಂದುಕೊಂಡೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ನಮ್ಮದು. ಇಲ್ಲಿ ಯೂನಿಫಾರ್ಮ್ ಕಂಡರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ. ಕಳ್ಳರಿಗೂ ಅದು ಚೆನ್ನಾಗಿ ಗೊತ್ತು.

ಆದರೂ ನಾನು ಸುಮ್ನೆ ನಂಬಲಿಲ್ಲ ಅನ್ನೋದೇ ಇದರಲ್ಲಿ ತಮಾಷೆ. ಅವನು ಕಳಿಸಿದ ಫೋಟೋ ಸೇವ್ ಮಾಡಿ ಲೆನ್ಸ್‌ಗೆ ಹಾಕಿದೆ. ಅದೇ ತರದ ಮೆಷಿನ್‌ಗಳು ಸಾಲಾಗಿ ಬಂದವು. ಕೆಳಗೆ ಸರಿಸಿದಷ್ಟೂ ಮೆಷಿನ್ನುಗಳೇ. ಆದರೆ ಅವನ ಫೋಟೋ ಅದರಲ್ಲಿ ಇರಲಿಲ್ಲ. "ಕದ್ದ ಫೋಟೋ ಅಲ್ಲ, ಇವನೇ ತೆಗೆದದ್ದು" ಅಂತ ತೀರ್ಮಾನ ಮಾಡಿ ಮೊದಲು 4,000, ಆಮೇಲೆ ಪಾರ್ಸೆಲ್ ಖರ್ಚು ಅಂತ 3,500 ಕಳಿಸಿದೆ. ಮೂರನೇ ಸಲ ಇನ್ಶೂರೆನ್ಸ್ ಅಂತ ಕೇಳಿದಾಗ ತಲೆಗೆ ಹೊಳೆಯಿತು. ಅಷ್ಟರಲ್ಲಿ 7,500 ಹೋಗಿತ್ತು.

ನಾನು ಎಲ್ಲಿ ಎಡವಿದೆ ಅಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ. ಯಾಕಂದ್ರೆ ನೀವೂ ಈಗ ಅದೇ ಜಾಗದಲ್ಲಿ ನಿಂತಿದ್ದೀರಿ.

ಲೆನ್ಸ್ ಎರಡು ಬೇರೆ ಬೇರೆ ಕೆಲಸ ಮಾಡುತ್ತೆ. ಒಂದು, ಈ ವಸ್ತುವನ್ನ ಹೋಲುವ ವಸ್ತುಗಳನ್ನ ತೋರಿಸೋದು. ಇನ್ನೊಂದು, ಇದೇ ಫೋಟೋ ಬೇರೆ ಎಲ್ಲಿದೆ ಅಂತ ಹುಡುಕೋದು. ನಮಗೆ ಬೇಕಾದ್ದು ಎರಡನೆಯದು. ಕಣ್ಣಿಗೆ ಮೊದಲು ಬೀಳೋದು ಮೊದಲನೆಯದು. ಫಲಿತಾಂಶದ ಮೇಲ್ಗಡೆ Exact matches ಅಂತ ಇರುತ್ತಲ್ಲ, ಅದನ್ನ ಒತ್ತಿ ನೋಡಬೇಕಿತ್ತು. ನಾನು ಒತ್ತಲೇ ಇಲ್ಲ. ಅದೇ ಕಂಪನಿಯ, ಅದೇ ಬಣ್ಣದ ಮೆಷಿನ್ನಿಗೆ ನೆಟ್‌ನಲ್ಲಿ ಲೆಕ್ಕವಿಲ್ಲದಷ್ಟು ಫೋಟೋ ಇವೆ. ಆ ಜಾತ್ರೆಯಲ್ಲಿ ಒಂದು ಫೋಟೋ ಕಾಣಲಿಲ್ಲ ಅಂದ್ರೆ ಅದು ಇಲ್ಲವೇ ಇಲ್ಲ ಅಂತಲ್ಲ. ನಿಮ್ಮ ಸ್ಕೂಟರ್ ಕತೆಯೂ ಇದೇ.

ಸರಿ, ಒತ್ತಿದ್ದರೆ ಸಿಗುತ್ತಿತ್ತಾ? ಅದೂ ಖಾತ್ರಿ ಇಲ್ಲ. ಹುಡುಕುವ ಯಂತ್ರ ತಾನು ಮೊದಲೇ ನೋಡಿ ಪಟ್ಟಿ ಮಾಡಿಟ್ಟುಕೊಂಡ ಪುಟಗಳಲ್ಲಿ ಮಾತ್ರ ಹುಡುಕುತ್ತೆ. ವಾಟ್ಸಾಪ್ ಗುಂಪಿನಲ್ಲಿ ಓಡಾಡಿದ ಫೋಟೋ ಅದಕ್ಕೆ ಕಾಣಲ್ಲ. ಲಾಗಿನ್ ಆದರೆ ಮಾತ್ರ ತೆರೆಯುವ ಮಾರಾಟದ ಗುಂಪುಗಳೂ ಕಾಣಲ್ಲ. ನಿನ್ನೆ ಸಂಜೆ ಯಾರೋ ನಿಜವಾಗಿ ತಮ್ಮ ಸ್ಕೂಟರ್ ಮಾರೋಕೆ ಹಾಕಿದ ಜಾಹೀರಾತು ಇನ್ನೂ ಆ ಪಟ್ಟಿಗೆ ಸೇರಿರಲ್ಲ. ಕಳ್ಳರು ಫೋಟೋ ಎತ್ತೋದು ಎಷ್ಟೋ ಸಲ ಇಂಥ ಕಡೆಯಿಂದಲೇ. ಕಂಪನಿ ಫೋಟೋ ಆದ್ರೆ ಯಾರಿಗೂ ಗೊತ್ತಾಗಿಬಿಡುತ್ತೆ. ಯಾರದ್ದೋ ಅಂಗಳದಲ್ಲಿ ನಿಂತ, ಸ್ವಲ್ಪ ಕೆಸರು ಮೆತ್ತಿದ ಗಾಡಿ ಆದ್ರೆ ನಂಬಿಕೆ ಬರುತ್ತೆ. ಅದಕ್ಕೇ "ಸಿಕ್ಕಿತು" ಅನ್ನೋ ಉತ್ತರಕ್ಕೆ ಬೆಲೆ ಇದೆ, "ಸಿಗಲಿಲ್ಲ" ಅನ್ನೋದಕ್ಕೆ ಏನೂ ಬೆಲೆ ಇಲ್ಲ.

ಆಮೇಲೆ ನನ್ನ ಫೋಟೋ ಸಿಕ್ಕಿತು. ಹುಡುಕಿಕೊಟ್ಟಿದ್ದು ಮೈಸೂರಿನಲ್ಲಿ ಓದುವ ತಂಗಿ ಮಗಳು. ಅವಳು ಮೆಷಿನ್ನನ್ನ ನೋಡಲೇ ಇಲ್ಲ, ಅದರ ಹಿಂದೆ ಇದ್ದ ಗೊಬ್ಬರದ ಚೀಲ ನೋಡಿದಳು. ಅದರ ಮೇಲೆ ಏನೋ ಅಕ್ಷರ ಇತ್ತು. ನಾನು ಯಾವುದೋ ಭಾಷೆ ಅಂದುಕೊಂಡು ಬಿಟ್ಟಿದ್ದೆ. "ಮಾವ, ಇದು ಉಲ್ಟಾ ಇದೆ" ಅಂದಳು. ಫೋಟೋ ಎಡಿಟ್‌ಗೆ ಹೋಗಿ, ಕ್ರಾಪ್ ಜೊತೆಗೆ ಇರುವ ಎಡಬಲ ತಿರುಗಿಸುವ ಗುರುತು ಒತ್ತಿದಳು. ಚೀಲದ ಮೇಲೆ "50 KG" ಅಂತ ಇಂಗ್ಲಿಷಿನಲ್ಲಿ ನೆಟ್ಟಗೆ ಓದೋಕೆ ಬಂತು. ಕಳ್ಳ ಫೋಟೋವನ್ನ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕಳಿಸಿದ್ದ. ಹೀಗೆ ತಿರುಗಿಸಿದ ಫೋಟೋ ಎಷ್ಟೋ ಸಲ ಹುಡುಕಾಟದಲ್ಲಿ ತಪ್ಪಿಸಿಕೊಳ್ಳುತ್ತೆ. ಅಂಚು ಕತ್ತರಿಸೋದು, ಬಣ್ಣ ಸ್ವಲ್ಪ ಬದಲಿಸೋದು ಕೂಡ ಇದಕ್ಕೇ.

ನೆಟ್ಟಗೆ ಮಾಡಿದ ಮೇಲೂ ಅವಳು ಇಡೀ ಫೋಟೋ ಹುಡುಕಲಿಲ್ಲ. ಲೆನ್ಸ್‌ನಲ್ಲಿ ಫೋಟೋ ಸುತ್ತ ಒಂದು ಚೌಕಟ್ಟು ಬರುತ್ತೆ, ಅದರ ಮೂಲೆ ಹಿಡಿದು ಎಳೆಯಬಹುದು. ಮೆಷಿನ್ ಬಿಟ್ಟು ಹಿಂದಿನ ಚೀಲ, ಗೋಡೆ, ಕಬ್ಬಿಣದ ಸ್ಟ್ಯಾಂಡ್ ಮಾತ್ರ ಚೌಕಟ್ಟಿನೊಳಗೆ ಬರುವ ಹಾಗೆ ಎಳೆದಳು. ಮೆಷಿನ್ ಎಲ್ಲ ಕಡೆ ಒಂದೇ ತರ ಇರುತ್ತೆ, ಆ ಚೀಲ ಆ ಗೋಡೆಗೆ ಒರಗಿ ಕೂತಿರೋದು ಒಂದೇ ಕಡೆ. ಈ ಸಲ Exact matches ಒತ್ತಿದಾಗ ಬಂತು. ಕೊಯಮತ್ತೂರು ಕಡೆಯ ಒಂದು ಹಳೇ ಕೃಷಿ ಯಂತ್ರಗಳ ಅಂಗಡಿಯ ಪುಟ. ಅಲ್ಲಿದ್ದ ಫೋಟೋ ನನ್ನ ಹತ್ತಿರ ಇದ್ದದ್ದಕ್ಕಿಂತ ದೊಡ್ಡದು. ಮೇಲ್ಗಡೆ ಅಂಗಡಿಯ ಬೋರ್ಡ್ ಅರ್ಧ ಕಾಣ್ತಿತ್ತು. ನನಗೆ ಬಂದದ್ದರಲ್ಲಿ ಬೋರ್ಡಿನ ಭಾಗವೇ ಇರಲಿಲ್ಲ. ಎರಡರಲ್ಲಿ ಮೂಲ ಯಾವುದು ಅಂತ ಗೊತ್ತಾಗೋದು ಹೀಗೆ. ಸಾಮಾನ್ಯವಾಗಿ ಜಾಸ್ತಿ ಅಂಚು ಇರೋದೇ ಮೂಲಕ್ಕೆ ಹತ್ತಿರದ್ದು.

tineye.com ಅಂತ ಇನ್ನೊಂದಿದೆ. ಅದು ಹೋಲಿಕೆಯ ವಸ್ತು ತೋರಿಸೋಕೆ ಹೋಗಲ್ಲ, ಅದೇ ಫೋಟೋದ ನಕಲು ಮಾತ್ರ ಹುಡುಕುತ್ತೆ, ಕತ್ತರಿಸಿದ್ದು, ಚಿಕ್ಕದು ಮಾಡಿದ್ದು ಸೇರಿ. Oldest ಅಂತ ಜೋಡಿಸಿದರೆ ಹಳೆಯದು ಮೇಲೆ ಬರುತ್ತೆ. ಅಲ್ಲಿ ಕಾಣುವ ದಿನಾಂಕ ಆ ಸೈಟಿಗೆ ಫೋಟೋ ಮೊದಲು ಕಂಡ ದಿನ. ತೆಗೆದ ದಿನ ಅಲ್ಲ.

ಇದರ ಉಲ್ಟಾ ತಪ್ಪೂ ಇದೆ. ಫೋಟೋ ಬೇರೆ ಕಡೆ ಸಿಕ್ಕಿತು ಅಂದ ಕೂಡಲೇ ಮಾರುವವನು ಕಳ್ಳ ಅಂತಲ್ಲ. ಗೋಣಿಕೊಪ್ಪದಲ್ಲಿ ಹೊಸ ಮೆಷಿನ್ ಮಾರುವ ಅಂಗಡಿಯವರು ಕಂಪನಿ ಫೋಟೋವನ್ನೇ ಹಾಕಿದರೆ ಅದರಲ್ಲಿ ಮೋಸ ಇಲ್ಲ, ಡಬ್ಬದಲ್ಲಿರೋ ಮಾಲು ಎಲ್ಲ ಒಂದೇ. ಸೆಕೆಂಡ್ ಹ್ಯಾಂಡ್ ವಸ್ತುವಿಗೆ ಬೇರೆಯವರ ಫೋಟೋ ಹಾಕಿದರೆ ಮಾತ್ರ ಅದಕ್ಕೆ ಯಾವ ನೆವವೂ ಇಲ್ಲ.

ಈಗ ಡಿಪಿ ವಿಷಯ. ನನ್ನ "ಹವಾಲ್ದಾರ್" ಡಿಪಿಯನ್ನ ಲೆನ್ಸ್‌ಗೆ ಹಾಕಿದರೆ ಯೂನಿಫಾರ್ಮ್ ಹೊಲಿಯುವವರ ಅಂಗಡಿಗಳೇ ಬಂದವು. ಸಾಮಾನ್ಯ ಜನರ ಮುಖ ಹುಡುಕೋದರಲ್ಲಿ ಗೂಗಲ್ ಬೇಕಂತಲೇ ಹಿಂದೆ ಸರಿಯುತ್ತೆ. yandex.com/images ಅನ್ನೋ ಇನ್ನೊಂದು ಹುಡುಕಾಟದ ಸೈಟ್ ಮುಖದ ಹೋಲಿಕೆಯಲ್ಲಿ ಅದಕ್ಕಿಂತ ಮುಂದು. ಅಲ್ಲಿ ಅದೇ ಫೋಟೋ ಬೇರೆ ರಾಜ್ಯದ ಒಂದು ಸುದ್ದಿ ಪುಟದಲ್ಲಿ ಸಿಕ್ಕಿತು. ಪಾಪ, ಯಾರೋ ನಿಜವಾದ ಅಧಿಕಾರಿ. ಅವರಿಗೆ ಇದೆಲ್ಲ ಗೊತ್ತೂ ಇರಲ್ಲ. ಅದೇ ಮುಖ ಇಟ್ಟುಕೊಂಡವರಿಗೆಲ್ಲ ಬೈಯೋಕೆ ಹೋಗಬೇಡಿ. ಹಾಗೇ, ಮುಖ ಹೋಲುತ್ತೆ ಅಂದ್ರೆ ಅದೇ ವ್ಯಕ್ತಿ ಅಂತಲೂ ಅಲ್ಲ. ಹಿನ್ನೆಲೆ, ಶರ್ಟಿನ ಮಡಿಕೆ, ನೆರಳು ಎಲ್ಲ ಒಂದೇ ಇದ್ದರೆ ಮಾತ್ರ ಒಂದೇ ಫೋಟೋ.

ಆದರೆ ಯಾಂಡೆಕ್ಸ್‌ಗಿಂತ ಮೊದಲೇ ಅದನ್ನ ಹಿಡಿದದ್ದು ನಮ್ಮ ಮಾವ, ಹೆಂಡತಿಯ ಅಪ್ಪ, ಸುಬೇದಾರ್ ಆಗಿ ನಿವೃತ್ತಿ ಆದವರು. ಕನ್ನಡಕ ಮೇಲೆತ್ತಿ ಫೋನ್ ನೋಡಿದರು. "ಭುಜದ ಮೇಲೆ ಮೂರು ನಕ್ಷತ್ರ ಇದೆ. ಇವನು ಕ್ಯಾಪ್ಟನ್. ಹವಾಲ್ದಾರ್‌ಗೆ ತೋಳಿನ ಮೇಲೆ ಮೂರು ಪಟ್ಟಿ ಇರೋದು" ಅಂದರು. ದುಡ್ಡು ಕಳಿಸೋ ಮುಂಚೆ ಅವರಿಗೆ ತೋರಿಸೋಕೆ ನನಗೆ ನಾಚಿಕೆ ಆಗಿತ್ತು, ಹಳೇ ಮೆಷಿನ್ ತಗೊಳ್ತಿದ್ದೀನಿ ಅಂತ ಗೊತ್ತಾಗುತ್ತೆ ಅಂತ. ನಿಮ್ಮ ಬೀದಿಯಲ್ಲೂ ಒಬ್ಬರು ನಿವೃತ್ತ ಯೋಧರು ಇದ್ದೇ ಇರ್ತಾರೆ. ಡಿಪಿ ತಗೊಂಡು ಅವರ ಹತ್ತಿರ ಹೋಗಿ.

ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲಿಲ್ಲ, ಹೇಳಿಬಿಡ್ತೀನಿ. ಫೋಟೋ ಕದ್ದದ್ದಾ ಅನ್ನೋದಲ್ಲ ವಿಷಯ, ಸ್ಕೂಟರ್ ಅವನ ಕೈಯಲ್ಲಿದೆಯಾ ಅನ್ನೋದು. ಅದನ್ನ ಯಾವ ಹುಡುಕಾಟವೂ ಹೇಳಲ್ಲ. ವಿಡಿಯೋ ಕಾಲ್ ಮಾಡಿ, ಸ್ಕೂಟರ್ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯಿರಿ, ಸೀಟ್ ಎತ್ತಿ ತೋರಿಸಿ ಅನ್ನಿ. ಒಂದು ಚೀಟಿಯಲ್ಲಿ ನೀವು ಹೇಳಿದ ಪದ ಬರೆದು ಮೀಟರ್ ಪಕ್ಕ ಹಿಡಿಯಲಿ. "ಕ್ಯಾಂಪ್ ಒಳಗೆ ಕ್ಯಾಮೆರಾ ಬಿಡಲ್ಲ" ಅಂತ ಅವನು ಅಂದರೆ, ಜಾಹೀರಾತಿಗೆ ಫೋಟೋ ತೆಗೆದದ್ದು ಎಲ್ಲಿ ಅಂತ ಕೇಳಿ.

ನಂಬರ್ ಪ್ಲೇಟ್ ಮಸುಕು ಮಾಡಿದ್ದರೆ ನಂಬರ್ ಕೇಳಿ. KA-12 ಇದ್ದ ಮಾತ್ರಕ್ಕೆ ನಮ್ಮೂರಿನ ಗಾಡಿ, ಸಾಚಾ ಅಂದುಕೊಳ್ಳಬೇಡಿ, ಆ ಫೋಟೋವೂ ಮಡಿಕೇರಿಯ ಯಾರದ್ದೋ ಆಗಿರಬಹುದು. mParivahan ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಮಾಡೆಲ್ ಬರುತ್ತೆ, ಮಾಲೀಕರ ಹೆಸರಿನ ಕೆಲವು ಅಕ್ಷರಗಳೂ ಕಾಣುತ್ತವೆ. ಅವನು ಹೇಳಿದ ಹೆಸರಿಗೆ ಆ ಅಕ್ಷರ ಕೂರುತ್ತಾ ನೋಡಿ. ಇಷ್ಟೆಲ್ಲ ಸರಿ ಇದ್ದರೂ ದುಡ್ಡು ಮಾತ್ರ ಕುಶಾಲನಗರಕ್ಕೆ ಹೋಗಿ, ಗಾಡಿ ಓಡಿಸಿ, ಆರ್‌ಸಿ ಕೈಗೆ ಬಂದ ಮೇಲೆ ಕೊಡಿ. ಬಸ್ ಚಾರ್ಜು ಎಷ್ಟು ಮಹಾ ಆಗುತ್ತೆ?

ಒಂದು ವೇಳೆ ಇದನ್ನ ಓದೋ ಹೊತ್ತಿಗೆ ಕಳಿಸಿಯೇ ಬಿಟ್ಟಿದ್ದರೆ, ಅವನ ಜೊತೆ ಜಗಳ ಆಡ್ತಾ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯೋಕೆ ಅವಕಾಶ ಇರುತ್ತೆ. ನಾನು ಒಂದು ರಾತ್ರಿ ಮಲಗಿ ಎದ್ದು ಫೋನ್ ಮಾಡಿದೆ, ಖಾತೆ ಆಗಲೇ ಖಾಲಿ ಆಗಿತ್ತು. ಯುಪಿಐ ಆ್ಯಪ್‌ನಲ್ಲಿ ಆ ಪಾವತಿಯನ್ನ ತೆರೆದರೆ 12 ಅಂಕಿಯ UTR ನಂಬರ್ ಇರುತ್ತೆ. ಅದನ್ನ ಮೊದಲೇ ಬರೆದು ಇಟ್ಟುಕೊಂಡು ಫೋನ್ ಮಾಡಿ, ಕೇಳ್ತಾರೆ.