ಒಂಟೆ ತನ್ನ ಮೈಯನ್ನೇ ಬಿಸಿಯಾಗಲು ಬಿಡುತ್ತದೆ

ಪ್ರಶ್ನೆ: ಒಂಟೆ ಡುಬ್ಬದಲ್ಲಿ ನೀರು ತುಂಬಿಕೊಂಡು ಹೋಗುತ್ತೆ ಅಂತ ಶಾಲೆಯಲ್ಲಿ ಕೇಳಿದ್ದೆ. ಈಗ ಅದು ಸುಳ್ಳು ಅಂತಾರೆ. ಹಾಗಾದ್ರೆ ಅಷ್ಟು ಬಿಸಿಲಲ್ಲಿ, ದಿನಗಟ್ಟಲೆ ನೀರಿಲ್ಲದೆ ಅದು ಹೇಗೆ ನಡೆಯುತ್ತೆ?

ಡುಬ್ಬದಲ್ಲಿ ಇರುವುದು ಬರೀ ಕೊಬ್ಬು. ಅದು ಊಟದ ಬುತ್ತಿ, ನೀರಿನ ಮಡಕೆ ಅಲ್ಲ. "ಕೊಬ್ಬು ಕರಗಿದರೆ ನೀರು ಬರುತ್ತಲ್ವಾ" ಅಂತ ಕೆಲವರು ವಾದ ಮಾಡುತ್ತಾರೆ. ಬರುತ್ತದೆ, ನಿಜ. ಒಂದು ಕೆಜಿ ಕೊಬ್ಬು ಮೈಯಲ್ಲಿ ಉರಿದರೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಸಿಗುತ್ತದೆ. ಆದರೆ ಅದನ್ನು ಉರಿಸಲು ಆಮ್ಲಜನಕ ಬೇಕು. ಅದಕ್ಕಾಗಿ ಉಸಿರಾಡಬೇಕು. ಒಣ ಗಾಳಿಯಲ್ಲಿ ಉಸಿರಾಡಿದಷ್ಟೂ ಮೈಯ ನೀರು ಹೊರಗೆ ಹೋಗುತ್ತದೆ. ಬಂದದ್ದು ಹೋದದ್ದಕ್ಕೆ ಸರಿ, ಲಾಭ ಏನೂ ಉಳಿಯುವುದಿಲ್ಲ. ಹಾಗಾಗಿ ಡುಬ್ಬವನ್ನು ಇಲ್ಲಿಗೇ ಬಿಡೋಣ.

ನಾನು ಪಶುವೈದ್ಯ. ನಿಜವಾದ ಗುಟ್ಟು ನನಗೆ ಗೊತ್ತಾಗಿದ್ದು ಒಂದು ಪೆದ್ದುತನದಿಂದ. ಕಲಿಯುವ ದಿನಗಳಲ್ಲಿ ಬೇಸಿಗೆಯಲ್ಲಿ ಒಂದು ಒಂಟೆ ಹಿಂಡಿನ ಜೊತೆ ಕೆಲವು ದಿನ ಇದ್ದೆ. ಸಂಜೆ ಐದರ ಸುಮಾರಿಗೆ ಒಂದು ಹೆಣ್ಣೊಂಟೆಗೆ ಥರ್ಮಾಮೀಟರ್ ಇಟ್ಟು ನೋಡಿದರೆ 40 ಡಿಗ್ರಿ ದಾಟಿತ್ತು. ನನಗೆ ಗಾಬರಿ. ಜ್ವರ ಅಂದುಕೊಂಡು ಔಷಧಿ ಪೆಟ್ಟಿಗೆ ಬಿಚ್ಚಿದೆ. ಒಂಟೆ ಕಾಯುವ ಅಜ್ಜ ನಕ್ಕ. "ಬೆಳಿಗ್ಗೆ ನೋಡಿ ಡಾಕ್ಟ್ರೇ, ಆಮೇಲೆ ಸೂಜಿ ಚುಚ್ಚಿ" ಅಂದ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಎದ್ದು ಅದೇ ಒಂಟೆಗೆ ಇಟ್ಟೆ. 35. ಥರ್ಮಾಮೀಟರೇ ಕೆಟ್ಟಿದೆ ಅಂದುಕೊಂಡು ನನ್ನ ಕಂಕುಳಲ್ಲಿ ಇಟ್ಟು ಪರೀಕ್ಷೆ ಮಾಡಿದೆ. (ಮೊದಲು ತೊಳೆದೆ, ಚಿಂತೆ ಬೇಡ.) ಅದು ಚೆನ್ನಾಗಿಯೇ ಇತ್ತು.

ಇದೇ ವಿಷಯವನ್ನು ಲೆಕ್ಕ ಹಾಕಿ ತೋರಿಸಿದವರು ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ. 1953-54ರಲ್ಲಿ ಅವರ ತಂಡ ಅಲ್ಜೀರಿಯಾದ ಸಹಾರಾದಲ್ಲಿ, ಬೆನಿ ಅಬ್ಬೆಸ್ ಎಂಬ ಓಯಸಿಸ್‌ನಲ್ಲಿ ಉಳಿದುಕೊಂಡು ಒಂಟೆಗಳನ್ನು ತೂಗಿತು, ಜ್ವರ ಅಳೆಯುವ ಹಾಗೆ ಮೈ ಬಿಸಿ ಅಳೆಯಿತು, ನೀರು ಕೊಡದೆ ಇಟ್ಟು ನೋಡಿತು. ಬಾಯಾರಿದ ಒಂಟೆಯ ಮೈ ಬೆಳಗಿನ ಜಾವ ಸುಮಾರು 34 ಡಿಗ್ರಿಗೆ ಇಳಿದು, ಸಂಜೆ 40 ದಾಟುತ್ತದೆ ಎಂದು ಅವರಿಗೆ ಗೊತ್ತಾಯಿತು. ನಮಗೆ ಎರಡು ಡಿಗ್ರಿ ಏರಿದರೆ ಮಲಗಿಬಿಡುತ್ತೇವೆ. ಇದು ಆರು ಡಿಗ್ರಿ ಏರಿಸಿಕೊಂಡು ಆರಾಮಾಗಿ ಮೆಲುಕು ಹಾಕುತ್ತಿರುತ್ತದೆ.

ಇದರಿಂದ ನೀರು ಹೇಗೆ ಉಳಿಯುತ್ತದೆ? ಬಿಸಿಲಲ್ಲಿ ಮೈ ಬಿಸಿಯಾದಾಗ ನಾವು ಬೆವರುತ್ತೇವೆ. ಬೆವರು ಆರುವಾಗ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಅಂದರೆ ತಂಪನ್ನು ನೀರು ಕೊಟ್ಟು ಕೊಳ್ಳುತ್ತೇವೆ. ಒಂಟೆ ಆ ವ್ಯಾಪಾರವನ್ನು ಆದಷ್ಟು ಮುಂದಕ್ಕೆ ಹಾಕುತ್ತದೆ. ಬಂದ ಬಿಸಿಯನ್ನು ಹೊರಗೆ ಹಾಕದೆ ಮೈಯಲ್ಲೇ ತುಂಬಿಕೊಳ್ಳುತ್ತದೆ.

500 ಕೆಜಿಯ ಒಂದು ಒಂಟೆ ತೆಗೆದುಕೊಳ್ಳಿ. ಅದರ ಮೈ ಒಂದು ಡಿಗ್ರಿ ಏರಬೇಕಾದರೆ ಸುಮಾರು 400 ಕಿಲೋಕ್ಯಾಲರಿ ಬಿಸಿ ಒಳಗೆ ಹೋಗಬೇಕು. ಆರು ಡಿಗ್ರಿಗೆ 2400. ಅಷ್ಟೂ ಬಿಸಿಯನ್ನು ಬೆವರಿನಿಂದ ಹೊರಹಾಕಬೇಕಿದ್ದರೆ? ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲರಿ ಹೋಗುತ್ತದೆ. ಭಾಗಿಸಿ ನೋಡಿ, ನಾಲ್ಕು ಲೀಟರಿಗಿಂತ ಜಾಸ್ತಿ. ಒಂದೇ ದಿನದಲ್ಲಿ ಅಷ್ಟು ನೀರು ಮೈಯಲ್ಲೇ ಉಳಿಯಿತು. ಆ ಬಿಸಿಯೆಲ್ಲಾ ಏನಾಯಿತು ಅಂದರೆ, ರಾತ್ರಿ ಹೋಯಿತು. ಮರುಭೂಮಿಯಲ್ಲಿ ಮೋಡ ಇಲ್ಲ, ಗಾಳಿಯಲ್ಲಿ ತೇವ ಇಲ್ಲ, ಹೊತ್ತು ಮುಳುಗಿದರೆ ಚಳಿ. ಕಾದ ಹೆಂಚು ತಾನಾಗಿಯೇ ಆರುವ ಹಾಗೆ ಒಂಟೆಯ ಮೈಯೂ ಆರುತ್ತದೆ. ಒಂದು ಹನಿ ನೀರು ಖರ್ಚಿಲ್ಲ. ಬೆಳಗಾಗುವಷ್ಟರಲ್ಲಿ ಮತ್ತೆ ತುಂಬಿಕೊಳ್ಳಲು ಜಾಗ ಖಾಲಿಯಾಗಿರುತ್ತದೆ.

ಇನ್ನೊಂದು ಲಾಭವೂ ಇದೆ, ಅದನ್ನು ಜನ ಮರೆಯುತ್ತಾರೆ. ಹೊರಗಿನ ಗಾಳಿ 43 ಡಿಗ್ರಿ ಇದೆ ಅಂದುಕೊಳ್ಳಿ. ಮೈ 37ರಲ್ಲೇ ಇದ್ದರೆ ನಡುವಿನ ಅಂತರ ಆರು ಡಿಗ್ರಿ, ಬಿಸಿ ರಭಸವಾಗಿ ಒಳಗೆ ನುಗ್ಗುತ್ತದೆ. ಮೈ 40ಕ್ಕೆ ಏರಿದ್ದರೆ ಅಂತರ ಬರೀ ಮೂರು. ಗಾಳಿಯಿಂದ ಬರುವ ಬಿಸಿಯೇ ಅರ್ಧ ಕಡಿಮೆ.

ಇದೆಲ್ಲಾ ದೊಡ್ಡ ಮೈ ಇರುವುದರಿಂದ ಸಾಧ್ಯ. ಹಂಡೆ ನೀರು ಕಾಯಲು ಹೊತ್ತು ಬೇಕು, ಲೋಟದ ನೀರು ಕ್ಷಣದಲ್ಲಿ ಕಾಯುತ್ತದೆ. ಇಲಿಯೊಂದು ಇದೇ ಉಪಾಯ ಮಾಡಲು ಹೋದರೆ ಅರ್ಧ ದಿನವೂ ಉಳಿಯುವುದಿಲ್ಲ. ಅದಕ್ಕೇ ಅದು ಬಿಲ ತೋಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಮಾತ್ರ ಬೇರೆ. ದಿನಾ ನೀರು ಸಿಗುವ ಒಂಟೆ ಹೀಗೆ ಮಾಡುವುದೇ ಇಲ್ಲ. ಅದರ ಮೈ ಬಿಸಿ ದಿನಕ್ಕೆ ಸುಮಾರು ಎರಡು ಡಿಗ್ರಿ ಮಾತ್ರ ಆಚೀಚೆ ಆಗುತ್ತದೆ. ಸುಮ್ನೆ ಬೆವರಿ ತಂಪಾಗುತ್ತದೆ, ನಮ್ಮ ಹಾಗೇ. ನೀರು ನಿಂತಾಗ ಮಾತ್ರ ಈ ಜಿಪುಣತನ ಶುರು. ಅಂದಹಾಗೆ ಒಂಟೆ ಬೆವರುವುದಿಲ್ಲ ಅನ್ನುವುದು ತಪ್ಪು. ಬೆವರುತ್ತದೆ. ಬೆವರು ಚರ್ಮದ ಮೇಲೇ ಆರಿಹೋಗುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಬೆನ್ನಿನ ದಪ್ಪ ಕೂದಲು ಬಿಸಿಲನ್ನು ಮೇಲೆಯೇ ತಡೆಯುತ್ತದೆ. ಅದೇ ಬೆನಿ ಅಬ್ಬೆಸ್‌ನಲ್ಲಿ ಒಂದು ಒಂಟೆಯ ಕೂದಲು ಕತ್ತರಿಸಿ ನೋಡಿದಾಗ, ಅದು ಬೆವರಿಗೆ ಕಳೆದುಕೊಂಡ ನೀರು ಒಂದೂವರೆ ಪಟ್ಟು ಆಯಿತು. ಸೆಕೆಗೆ ಉಣ್ಣೆ ಕಂಬಳಿ ಯಾಕೆ ಅಂತ ಕೇಳುವವರಿಗೆ ಇದೇ ಉತ್ತರ.

ಮೂತ್ರ ಗಟ್ಟಿ, ಸ್ವಲ್ಪವೇ. ಹಿಕ್ಕೆ ಎಷ್ಟು ಒಣ ಅಂದರೆ ಹಾಕಿದ ಕೂಡಲೇ ಒಲೆಗೆ ಹಾಕಬಹುದು. ಮೂಗಿನೊಳಗೆ ಸುರುಳಿ ಸುರುಳಿಯಾದ ದಾರಿಗಳಿವೆ. ರಾತ್ರಿ ಉಸಿರು ಹೊರಗೆ ಬರುವಾಗ ಅಲ್ಲಿ ತಣ್ಣಗಾಗಿ, ಅದರ ತೇವದಲ್ಲಿ ಬಹುಪಾಲು ಮೂಗಿನಲ್ಲೇ ಉಳಿಯುತ್ತದೆ.

ಇಷ್ಟೆಲ್ಲಾ ಮಾಡಿದರೂ ನೀರು ಕಡಿಮೆಯಾಗುತ್ತಲೇ ಹೋಗುತ್ತದೆ. ಒಂಟೆ ನೀರಿಲ್ಲದೆ ಬದುಕುತ್ತದೆ ಅನ್ನುವುದಕ್ಕಿಂತ, ನೀರು ಕಳೆದುಕೊಂಡೂ ಬದುಕುತ್ತದೆ ಅನ್ನುವುದೇ ಸರಿ. ಆ ಪ್ರಯೋಗದಲ್ಲಿ ಬೇಸಿಗೆಯಲ್ಲಿ ಎಂಟು ದಿನ ನೀರು ಕುಡಿಯದ ಒಂದು ಒಂಟೆ ತನ್ನ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಂಡಿತ್ತು. ಆದರೂ ಎದ್ದು ನಿಂತಿತ್ತು. ಮನುಷ್ಯ ಬಿಸಿಲಲ್ಲಿ ಸುಮಾರು ಶೇಕಡಾ 12ರಷ್ಟು ಕಳೆದುಕೊಂಡರೆ ಮುಗಿಯಿತು. ಯಾಕೆ ಈ ವ್ಯತ್ಯಾಸ? ನಮ್ಮಲ್ಲಿ ನೀರು ರಕ್ತದಿಂದಲೂ ಹೋಗುತ್ತದೆ. ರಕ್ತ ಗಟ್ಟಿಯಾಗಿ ನಿಧಾನವಾಗುತ್ತದೆ, ಒಳಗಿನ ಬಿಸಿಯನ್ನು ಚರ್ಮದ ತನಕ ತರಲು ಆಗುವುದಿಲ್ಲ, ಮೈ ಬಿಸಿ ದಿಢೀರನೆ ಏರಿ ಸಾವು ಬರುತ್ತದೆ. ಒಂಟೆ ಮೈಯ ಬೇರೆ ಕಡೆಯ ನೀರನ್ನು ಮೊದಲು ಬಿಟ್ಟುಕೊಡುತ್ತದೆ. ಮಾಂಸದಿಂದ, ಹೊಟ್ಟೆಯಿಂದ ಹೋಗುತ್ತದೆ. ರಕ್ತದ ನೀರು ಮಾತ್ರ ಸ್ವಲ್ಪವೇ ಇಳಿಯುತ್ತದೆ. ಮೈ ಸೊರಗಿದರೂ ರಕ್ತ ಹರಿಯುತ್ತಲೇ ಇರುತ್ತದೆ.

ಅದಕ್ಕೇ ಬಾಯಾರಿದ ಒಂಟೆಯನ್ನು ಗುರುತಿಸಲು ಡುಬ್ಬ ನೋಡಬಾರದು, ಪಕ್ಕೆ ನೋಡಬೇಕು. ಪಕ್ಕೆ ಒಳಗೆ ಹೋಗಿ ಎಲುಬು ಎಣಿಸುವ ಹಾಗೆ ಆಗಿರುತ್ತದೆ. ಡುಬ್ಬ ಸಣ್ಣಗಾದರೆ ಅದು ಹಸಿವಿನ ಲಕ್ಷಣ. ಬಾಯಾರಿಕೆ ಜಾಸ್ತಿಯಾದಂತೆ ಮೇವನ್ನೂ ಕಡಿಮೆ ಮಾಡುತ್ತದೆ. ಮೇವು ಮುಂದಿಟ್ಟರೂ ಮೂಸಿ ಸುಮ್ಮನಾದರೆ ನಡೆಸುವುದನ್ನು ನಿಲ್ಲಿಸಬೇಕು.

ಎಷ್ಟು ದಿನ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಚಳಿಗಾಲದಲ್ಲಿ ಹಸಿರು ಮೇವು ಸಿಕ್ಕರೆ ಒಂಟೆ ತಿಂಗಳುಗಟ್ಟಲೆ ನೀರಿನ ಮುಖ ನೋಡುವುದಿಲ್ಲ. ಎಲೆಯಲ್ಲಿರುವ ನೀರೇ ಸಾಕು. ಅದೇ ಒಂಟೆಗೆ ನಡು ಬೇಸಿಗೆಯಲ್ಲಿ ಒಣ ಮೇವು ಹಾಕಿ, ಬೆನ್ನ ಮೇಲೆ ಹೊರೆ ಹೇರಿ ನಡೆಸಿದರೆ ಒಂದು ವಾರ ಕಷ್ಟ. ನಡೆಯುವಾಗ ಮೈಯೊಳಗೇ ಬಿಸಿ ಹುಟ್ಟುತ್ತದೆ. ಹೊರಗಿನ ಬಿಸಿಗೆ ಇಟ್ಟುಕೊಂಡ ಜಾಗವನ್ನು ಅದೇ ತುಂಬಿಬಿಡುತ್ತದೆ. ಮಧ್ಯಾಹ್ನವೇ 40 ದಾಟಿದರೆ ಮತ್ತೆ ಬೆವರದೆ ಬೇರೆ ದಾರಿ ಇಲ್ಲ. ಅನುಭವ ಇರುವವರು ಬೇಸಿಗೆಯಲ್ಲಿ ರಾತ್ರಿ ಮತ್ತು ಬೆಳಗಿನ ಜಾವ ನಡೆಸಿ, ನೆತ್ತಿ ಬಿಸಿಲಿಗೆ ಒಂಟೆಗಳನ್ನು ಕೂರಿಸುತ್ತಾರೆ. ಆಗ ನೋಡಿ, ಒಂಟೆ ತಾನೇ ಸೂರ್ಯನಿಗೆ ಮುಖ ಮಾಡಿ ಕೂರುತ್ತದೆ. ಬಿಸಿಲು ಬೀಳುವ ಮೈ ಕಡಿಮೆ ಇರಲಿ ಅಂತ. ಕಾಲು ಮಡಚಿ ಎದೆಯ ಗಟ್ಟಿ ಗಡ್ಡೆಯ ಮೇಲೆ ಭಾರ ಹಾಕುತ್ತದೆ. ಹೊಟ್ಟೆಯ ಕೆಳಗೆ ಗಾಳಿ ಆಡುತ್ತದೆ. ಹಿಂಡಾಗಿ ಇದ್ದರೆ ಒತ್ತೊತ್ತಾಗಿ ಕೂರುತ್ತವೆ. ಸೆಕೆಯಲ್ಲಿ ಯಾಕಪ್ಪಾ ಹೀಗೆ ಅಂಟಿಕೊಳ್ಳುತ್ತವೆ ಅನ್ನಿಸಬಹುದು. ಪಕ್ಕದ ಒಂಟೆಯ ಮೈ 39, ಬಿಸಿಲಿಗೆ ಕಾದ ಮರಳು ಅದಕ್ಕಿಂತ ಎಷ್ಟೋ ಜಾಸ್ತಿ. ಯಾವುದು ವಾಸಿ?

ಆಮೇಲೆ ಬಾವಿ ಸಿಗುತ್ತದೆ. ಒಣಗಿದ ದೊಡ್ಡ ಒಂಟೆ ಹತ್ತು ನಿಮಿಷದಲ್ಲಿ ನೂರು ಲೀಟರ್ ತನಕ ಕುಡಿದುಬಿಡಬಲ್ಲದು. ನೋಡುತ್ತಿದ್ದ ಹಾಗೆ ಪಕ್ಕೆ ತುಂಬಿ ಮೈ ಮೊದಲಿನ ಹಾಗೆ ಆಗುತ್ತದೆ. ಬೇರೆ ಪ್ರಾಣಿ ಹೀಗೆ ಕುಡಿದರೆ ರಕ್ತ ತೆಳ್ಳಗಾಗಿ ಕೆಂಪು ಕಣಗಳು ಊದಿ ಒಡೆಯುತ್ತವೆ. ಒಂಟೆಯ ಕಣಗಳು ದುಂಡಗಿಲ್ಲ, ಮೊಟ್ಟೆಯ ಆಕಾರ. ಎರಡು ಪಟ್ಟಿಗಿಂತ ಜಾಸ್ತಿ ಊದಿದರೂ ಒಡೆಯುವುದಿಲ್ಲ.

ಮತ್ತೆ ನಿಮ್ಮ ಶಾಲೆಯ ಮಾತಿಗೆ ಬಂದರೆ, ಈ ನೂರು ಲೀಟರ್ ಕೂಡ ಮುಂದಿನ ದಾರಿಗೆ ತುಂಬಿಕೊಂಡದ್ದಲ್ಲ. ಹಿಂದೆ ಕಳೆದುಕೊಂಡದ್ದನ್ನು ತುಂಬಿಸಿಕೊಂಡದ್ದು. ಬಾಯಾರದ ಒಂಟೆಯನ್ನು ಪ್ರಯಾಣದ ಹಿಂದಿನ ದಿನ ತೊಟ್ಟಿಯ ಮುಂದೆ ನಿಲ್ಲಿಸಿದರೆ, ತನಗೆ ಬೇಕಾದಷ್ಟು ಕುಡಿದು ತಲೆ ಎತ್ತಿ ಆ ಕಡೆ ನೋಡುತ್ತಾ ನಿಲ್ಲುತ್ತದೆ. ಎಷ್ಟು ಪುಸಲಾಯಿಸಿದರೂ ಮತ್ತೆ ಬಾಯಿ ಇಡುವುದಿಲ್ಲ.