ತೊದಲುವವರನ್ನ ಮಾತಾಡ್ಸೋದು ಹೆಂಗ?

ಪ್ರಶ್ನೆ: ನಮ್ಮ ಓಣಿಗೆ ಬಂದ ಹೊಸಬ್ರು ತೊದಲ್ತಾರ. ನಮಸ್ಕಾರ ಅಂದಮ್ಯಾಲೆ ಅವ್ರ ಮಾತು ನಾನೇ ಮುಗಿಸಿಬಿಡ್ತೀನಿ. ಏನ್ ಮಾಡ್ಲಿ?

ಉತ್ತರ: "ಆರಾಮದೀರೇನ್ರಿ?" ಅಂದು ಸುಮ್ಮನ ನಿಲ್ರಿ, ಮಾರಿ ತಿರುಗಿಸಬ್ಯಾಡ್ರಿ. ಹೆಸರು ಕೇಳಿದ್ರಂತೂ ಇನ್ನಷ್ಟು ಕಾಯ್ರಿ. ಬೇರೆ ಶಬ್ದ ಅಡ್ಡ ಬಂದ್ರ ಬದಲಿ ಹುಡುಕಬಹುದು, ಸ್ವಂತ ಹೆಸರಿಗೆ ಬದಲಿ ಇಲ್ಲ. ಭಾಳ ಮಂದಿಗೆ ಅದೇ ಕಠಿಣ.

ಹುಬ್ಬಳ್ಳ್ಯಾಗ ಕಿರಾಣಿ ಅಂಗಡಿ ಮುಂದ ನನ್ನ ಗೆಳೆಯ "ಬ..." ಅಂದ. ತುಟಿ ಬಿಗಿದು ದನಿ ನಿಂತಿತು. ನಾನು "ಬೆಲ್ಲ ಕೊಡ್ರಿ" ಅಂದೆ. ಅವಗ ಬೇಕಾಗಿದ್ದು ಬ್ಯಾಳಿ. ಪಾಪ, ತಲಿ ಅಲ್ಲಾಡ್ಸಿ ಮತ್ತ ಮೊದಲಿಂದ ಸುರು ಮಾಡಿದ. ತುಟಿ ಬಿಗಿದದ ಅಂದ್ರ ಮಾತು ಮುಗಿದಿಲ್ಲ, ನಡದದ.

"ಸಾವಕಾಶ ಹೇಳ್ರಿ" ಅನ್ನೋದೂ ಬ್ಯಾಡ, ಅದರಿಂದ ತ್ರಾಸ ಹೆಚ್ಚಾಗ್ತದ. ತಿಳೀಲಿಲ್ಲಂದ್ರ ತಿಳಿದಂಗ ಗೋಣು ಅಲ್ಲಾಡ್ಸಬ್ಯಾಡ್ರಿ. ತಿಳಿಯದಷ್ಟನ್ನೇ ಮತ್ತೊಮ್ಮೆ ಕೇಳ್ರಿ.